ಶುಂಠಿ ನಾಲ್ಕೇ ಕಡೆ ಸಿಕ್ಕಿತು

ನಮ್ಮ ಅಜ್ಜಿಯ ಮನೆಮದ್ದಿನ ಪುಸ್ತಕದಲ್ಲಿ ಎರಡು ಪುಟಕ್ಕೊಮ್ಮೆ ಶುಂಠಿ ಬರುತ್ತದೆ. ಆದರೆ ನಾನು ಒಂದೂವರೆ ತಿಂಗಳು ಕೂತು ಮಾಡಿದ ಡಿಜಿಟಲ್ ಪ್ರತಿಯಲ್ಲಿ 'ಶುಂಠಿ' ಅಂತ ಹುಡುಕಿದರೆ ಬರೀ ನಾಲ್ಕು ಕಡೆ ಸಿಕ್ಕಿತು. ಪರದೆಯ ಮೇಲೆ ಕಣ್ಣಾಡಿಸಿದರೆ ಕಾಣುತ್ತಿದೆ, ಇಲ್ಲಿ ಶುಂಠಿ, ಅಲ್ಲಿ ಶುಂಠಿ. ಕಂಪ್ಯೂಟರ್ ಮಾತ್ರ ಇಲ್ಲ ಅನ್ನುತ್ತಿದೆ. ನನಗೋ ತಲೆ ಕೆಟ್ಟು ಹೋಯಿತು.

ಪುಸ್ತಕದ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ರಟ್ಟು ಇಲ್ಲ, ಮೊದಲ ಎಂಟು ಪುಟ ಇಲ್ಲ, ಹಾಗಾಗಿ ಹೆಸರೂ ಇಲ್ಲ, ಬರೆದವರೂ ಇಲ್ಲ. ಮೊಳೆ ಜೋಡಿಸಿ ಅಚ್ಚು ಹಾಕಿದ ಕಾಲದ್ದು, ಹಾಳೆಯ ಹಿಂದೆ ಬೆರಳಾಡಿಸಿದರೆ ಅಕ್ಷರದ ಗುರುತು ಸಿಗುತ್ತದೆ. ಉಳಿದದ್ದು 112 ಪುಟ. ಅಂಚಿನಲ್ಲೆಲ್ಲ ಅಜ್ಜಿಯ ಪೆನ್ಸಿಲ್ ಬರಹ. ಜೊತೆಗೆ ಹುಳ ಕೊರೆದ ತೂತುಗಳು, ಧಾರಾಳವಾಗಿ.

ಸ್ಕ್ಯಾನ್ ಮಾಡುವಾಗಲೇ ಒಂದು ಪೆದ್ದುತನ ಮಾಡಿದ್ದೆ. ಹಾಳೆ ತೆಳು, ಹಿಂದಿನ ಪುಟದ ಅಕ್ಷರ ಮಸುಕಾಗಿ ಈ ಕಡೆ ಕಾಣುತ್ತಿತ್ತು. ಹಾಳೆಯ ಹಿಂದೆ ಕಪ್ಪು ಕಾಗದ ಇಟ್ಟರೆ ಅದು ಕಾಣುವುದಿಲ್ಲ ಅಂತ ಗೊತ್ತಿತ್ತು. ಇಟ್ಟೆ. ನಿಜವಾಗಿಯೂ ಮಸುಕು ಹೋಯಿತು. ಖುಷಿಯಲ್ಲಿ 300 ಡಿಪಿಐಗೆ, ಬೂದು ಬಣ್ಣದಲ್ಲಿ, ಇಡೀ ಪುಸ್ತಕ ಮುಗಿಸಿದೆ. ಆಮೇಲೆ ಚಿತ್ರದಲ್ಲಿರುವ ಅಕ್ಷರಗಳನ್ನು ಓದಿ ಪಠ್ಯ ಮಾಡಿಕೊಡುವ ಟೆಸರಾಕ್ಟ್ ಅನ್ನುವ ಸಾಫ್ಟ್‌ವೇರನ್ನು ಪುಟಕ್ಕೊಂದು ಸಾಲಿನಂತೆ ಓಡಿಸಿದೆ.

```
tesseract 047.tif 047 -l kan
```

ಸುಲಭ ಅಲ್ವಾ? ಬಂದ ಪಠ್ಯ ನೋಡಿದರೆ ಎಲ್ಲೆಂದರಲ್ಲಿ ಅನುಸ್ವಾರ. ಕಾರಣ ಹೊಳೆಯಲು ಎರಡು ದಿನ ಬೇಕಾಯಿತು. ತೂತಿನ ಹಿಂದೆ ಕಪ್ಪು ಕಾಗದ ಇದ್ದರೆ ತೂತು ಕಪ್ಪು ಚುಕ್ಕೆಯಾಗಿ ಕಾಣುತ್ತದೆ, ದುಂಡಗೆ, ಅಕ್ಷರದ ಪಕ್ಕದಲ್ಲೇ. ಅದು ಹುಳದ ಕೆಲಸವೋ ಮೊಳೆಯ ಕೆಲಸವೋ ಅಂತ ಸಾಫ್ಟ್‌ವೇರಿಗೆ ಹೇಗೆ ಗೊತ್ತಾಗಬೇಕು? ತೂತಿರುವ ಹಾಳೆಗಳನ್ನು ಮತ್ತೆ ಸ್ಕ್ಯಾನ್ ಮಾಡಿದೆ. ಈ ಸಲ ಹಿಂದೆ ಇಟ್ಟದ್ದು ಹಳದಿ ಬಣ್ಣಕ್ಕೆ ತಿರುಗಿದ ಹಳೇ ನೋಟ್‌ಬುಕ್ಕಿನ ಖಾಲಿ ಹಾಳೆ, ಪುಸ್ತಕದ ಕಾಗದದ ಬಣ್ಣಕ್ಕೆ ಹತ್ತಿರದ್ದು. 47ನೇ ಪುಟದಲ್ಲಿ ಮೊದಲು 31 ತಪ್ಪು ಇದ್ದವು, ಈಗ 12 ಆದವು. ಹಿಂದಿನ ಪುಟದ ಮಸುಕು ಸ್ವಲ್ಪ ವಾಪಸ್ ಬಂತು. ಇರಲಿ, ತೂತಿಗಿಂತ ಅದೇ ವಾಸಿ.

ಉಳಿದ ತಪ್ಪುಗಳಲ್ಲಿ ಜಾಸ್ತಿ ಪಾಲು ಕಣ್ಣಿಗೆ ಹೊಡೆಯುವಂಥವು. 'ಮನೆ' ಹೋಗಿ 'ವುನೆ' ಆಗಿತ್ತು, ಮ ಮತ್ತು ವು ಅಷ್ಟು ಹತ್ತಿರ. ಇಂಥದ್ದಕ್ಕೆ ನಾನು ಹೆದರುವುದಿಲ್ಲ. ಓದುವವನು ತಡವರಿಸುತ್ತಾನೆ, ತಿದ್ದುತ್ತಾನೆ, ಮುಗಿಯಿತು. ಅರ್ಕಾವತ್ತಿನ ಕಥೆ ಮಾತ್ರ ಸ್ವಲ್ಪ ದೊಡ್ಡದು. ಅಚ್ಚಿನಲ್ಲಿ ಅದು ಅಕ್ಷರದ ಬಲಕ್ಕೆ ನಿಲ್ಲುತ್ತದೆ, ನೋಡಲು ಥೇಟ್ ಕನ್ನಡದ ಒಂಬತ್ತು. ಹಾಗಾಗಿ 'ಅರ್ಧ' ಬಂದದ್ದು 'ಅಧ೯' ಅಂತ, 'ಕರ್ಪೂರ' ಬಂದದ್ದು 'ಕಪೂ೯ರ' ಅಂತ. ಸುಮ್ನೆ ೯ ತೆಗೆದು 'ರ್' ಹಾಕಿದರೆ ಆಗುವುದಿಲ್ಲ, ಯಾಕೆಂದರೆ ಕಂಪ್ಯೂಟರಿನಲ್ಲಿ 'ರ್' ವ್ಯಂಜನಕ್ಕಿಂತ ಮುಂಚೆ ಬರಬೇಕು. ಹಿಂದಿನ ವ್ಯಂಜನವನ್ನೂ ಅದರ ಸ್ವರಚಿಹ್ನೆಯನ್ನೂ ದಾಟಿ ಅದನ್ನು ಆ ಕಡೆ ಕೂರಿಸಬೇಕು. ಪೈಥಾನಿನಲ್ಲಿ ಒಂದು ಸಾಲು ಬರೆದೆ.

```python
s = re.sub(r'([ಕ-ಹ])([ಾ-ೌ]?)೯', r'ರ್\1\2', s)
```

'ಅಧ೯' 'ಅರ್ಧ' ಆಯಿತು, 'ಕಪೂ೯ರ' 'ಕರ್ಪೂರ' ಆಯಿತು. ಬೆನ್ನು ತಟ್ಟಿಕೊಂಡೆ. ಮಾರನೇ ದಿನ ನೋಡಿದರೆ ಒಂದು ಕಡೆ 'ದಿರ್ನ' ಅಂತ ಇದೆ. ಪುಸ್ತಕದಲ್ಲಿದ್ದದ್ದು 'ದಿನ ೯', ನಡುವಿನ ಜಾಗ ಕಳೆದುಹೋಗಿ 'ದಿನ೯' ಆಗಿತ್ತು, ನನ್ನ ಸಾಲು ಅದನ್ನೂ ಬಿಡಲಿಲ್ಲ. ಅವತ್ತಿನಿಂದ ಒಟ್ಟಿಗೆ ಬದಲಿಸುವುದನ್ನು ಬಿಟ್ಟೆ. ಸಿಕ್ಕಿದ್ದನ್ನೆಲ್ಲ ಪಟ್ಟಿ ಮಾಡಿಸಿ, ಒಂದೊಂದನ್ನೇ ನೋಡಿ, ಹೂಂ ಅಂದರೆ ಮಾತ್ರ ಬದಲಿಸು ಅಂತ ಇಟ್ಟುಕೊಂಡೆ.

ಈಗ ಶುಂಠಿಗೆ ಬರೋಣ. 'ಶುಂಠಿ'ಯನ್ನು ನಕಲು ಮಾಡಿ, ಒಂದೊಂದೇ ಅಕ್ಷರದ ಯೂನಿಕೋಡ್ ಸಂಖ್ಯೆ ನೋಡಿದೆ. ಸೊನ್ನೆ ಇರಬೇಕಾದ ಜಾಗದಲ್ಲಿ ಸೊನ್ನೆಯೇ ಇತ್ತು! ಅಂದರೆ ಅನುಸ್ವಾರದ `U+0C82` ಬದಲು ಅಂಕಿಯ ಸೊನ್ನೆ, `U+0CE6`. ನನ್ನ ಫಾಂಟಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ನೂರು ಸಲ ಓದಿದರೂ ಗೊತ್ತಾಗುವುದಿಲ್ಲ. ಅದರ ತಿರುಗಾಮುರುಗಾ ಕೂಡ ಇತ್ತು. '೧೦ ದಿನ' ಅನ್ನುವಲ್ಲಿ ಒಂದರ ಪಕ್ಕ ಅನುಸ್ವಾರ ಕೂತಿತ್ತು. ತಿದ್ದುವುದು ಕಷ್ಟ ಇರಲಿಲ್ಲ. ಅಕ್ಷರದ ಬೆನ್ನಿಗೆ ಬಂದ ಸೊನ್ನೆ ಅನುಸ್ವಾರ, ಅಂಕಿಯ ಬೆನ್ನಿಗೆ ಬಂದ ಅನುಸ್ವಾರ ಸೊನ್ನೆ. ತಿದ್ದಿದ ಮೇಲೆ ಶುಂಠಿ 53 ಕಡೆ ಸಿಕ್ಕಿತು.

ಇಷ್ಟಾದ ಮೇಲೆ ನನಗೆ ಧೈರ್ಯ ಬಂದಿತ್ತು. ಪದಪರೀಕ್ಷಕ ಓಡಿಸಿದೆ, ಕೆಂಪು ಗೆರೆ ಬಂದದ್ದನ್ನೆಲ್ಲ ಸರಿ ಮಾಡಿದೆ. ಕೊನೆಗೆ ಒಮ್ಮೆ ಓದಿ ನೋಡೋಣ ಅಂತ ಅಮ್ಮನ ಕೈಗೆ ಪುಸ್ತಕ ಕೊಟ್ಟೆ, ನಾನು ಲ್ಯಾಪ್‌ಟಾಪ್ ನೋಡಿ ಜೋರಾಗಿ ಓದಿದೆ.

"ತುಳಸಿ ಎಲೆ ಹಿಂಡಿ, ಶುಂಠಿ ಅರ್ಧ ತೊಲ..."

"ತಡಿಯೋ," ಅಂದರು ಅಮ್ಮ. "ಹಿಂಡೋದು ಆಮೇಲೆ. ಮೊದಲು ಎಷ್ಟು ಎಲೆ ಅಂತ ಹೇಳಬೇಡ್ವಾ?"

ಪುಸ್ತಕದಲ್ಲಿದ್ದದ್ದು 'ಹಿಡಿ'. ತುಳಸಿ ಎಲೆ ಒಂದು ಹಿಡಿ ಅಂತ. 'ಹಿ' ಪಕ್ಕದಲ್ಲಿ ಹುಳದ ತೂತು, ಆ ಹಾಳೆಯನ್ನು ಎರಡನೇ ಸಲ ಸ್ಕ್ಯಾನ್ ಮಾಡಲು ಮರೆತಿದ್ದೆ. 'ಹಿಂಡಿ' ಒಳ್ಳೇ ಕನ್ನಡ ಪದ, ವಾಕ್ಯಕ್ಕೂ ಹೊಂದುತ್ತದೆ, ಕೆಂಪು ಗೆರೆ ಯಾಕೆ ಬರಬೇಕು? 'ದನದ ಹಾಲು' ಒಂದು ಕಡೆ 'ಧನದ ಹಾಲು' ಆಗಿದ್ದೂ ಹಾಗೇ ತಪ್ಪಿಸಿಕೊಂಡಿತ್ತು, ಓದುವಾಗ ನಮ್ಮ ಬಾಯಲ್ಲಿ ಎರಡೂ ಒಂದೇ ಆದ್ದರಿಂದ ಅಮ್ಮನಿಗೂ ಸಿಗಲಿಲ್ಲ. ಆಮೇಲೆ ನಾನೇ ದ-ಧ ಇರುವ ಪದಗಳನ್ನು ಬೇರೆ ತೆಗೆದು ನೋಡಿದೆ. ಹೀಗೆ ದಿನಕ್ಕೆ ಎಂಟು ಪುಟ, ಊಟ ಆದ ಮೇಲೆ, ಅಮ್ಮ ಪುಸ್ತಕ ಹಿಡಿದು ನಾನು ಓದಿ, ಎರಡು ವಾರ.

ಅಜ್ಜಿಯ ಪೆನ್ಸಿಲ್ ಬರಹವನ್ನು ಸಾಫ್ಟ್‌ವೇರ್ ಬರೀ ಕಸ ಮಾಡಿ ಕೊಟ್ಟಿತ್ತು. ಅದನ್ನೆಲ್ಲ ಅಳಿಸಿ ಕೈಯಲ್ಲೇ ಟೈಪ್ ಮಾಡಿದೆ. ಪುಸ್ತಕದವರೇ ಒಂದು ಕಡೆ 'ಶುಂಟಿ' ಅಂತ ಅಚ್ಚು ಹಾಕಿದ್ದಾರೆ, ಅದನ್ನು ಹಾಗೇ ಬಿಟ್ಟೆ. ತಪ್ಪು ಅವರದು, ನನ್ನದಲ್ಲ.

89ನೇ ಪುಟದಲ್ಲಿ ಮಾತ್ರ ಜಗಳ ಆಯಿತು. 'ಕರ್ಪೂರ' ಆದ ಮೇಲೆ ಅಳತೆ ಇರುವ ಜಾಗವನ್ನೇ ಹುಳ ತಿಂದಿದೆ, ಉಳಿದದ್ದು 'ತೊಲ' ಅಷ್ಟೇ.

"ಅರ್ಧ ಅಂತ ಹಾಕೋ, ಅಜ್ಜಿ ಅಷ್ಟೇ ಹಾಕ್ತಿದ್ದದ್ದು," ಅಂದರು ಅಮ್ಮ.

"ಅಚ್ಚಾಗಿದ್ದು ಎಷ್ಟು ಅಂತ ಗೊತ್ತಿಲ್ವಲ್ಲಮ್ಮ."

"ನನಗೆ ಗೊತ್ತು ಅಂತೀನಲ್ಲ."

'ಕರ್ಪೂರ [ಹುಳ ತಿಂದಿದೆ] ತೊಲ' ಅಂತ ಹಾಕಿ, ಕೆಳಗೆ ಅಜ್ಜಿಯ ಪೆನ್ಸಿಲ್ ಬರಹಕ್ಕೆ ಇಟ್ಟುಕೊಂಡಿದ್ದ ಬಣ್ಣದಲ್ಲೇ 'ಅರ್ಧ, ಅಮ್ಮ ಹೇಳಿದ್ದು' ಅಂತ ಸೇರಿಸಿದೆ. ಅಮ್ಮ ಪರದೆ ನೋಡಿ, "ಹುಳದ ವಿಷಯ ಯಾಕೆ ಬರೀಬೇಕು," ಅಂತ ಗೊಣಗಿ ಪುಟ ತಿರುಗಿಸಿದರು.