ಐದನೇ ಸ್ಲೈಡ್ ಮಾತ್ರ ಕೈಗೆ ಸಿಕ್ಕವರಿಗೆ

ನಮ್ಮ ಹಳೆಯ ವಿದ್ಯಾರ್ಥಿಗಳ ಸಂಘದ ಇನ್‌ಸ್ಟಾಗ್ರಾಮ್ ಪುಟಕ್ಕೆ ಮಾತು ಬರೆಯುವ ಕೆಲಸ ನನ್ನದು, ಚಿತ್ರ ಮಾಡುವುದು ನನಗಿಂತ ಬಹಳ ಕಿರಿಯನಾದ ಒಬ್ಬ ಹುಡುಗನದು. ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನಕ್ಕೆ ಒಂದು ಕ್ಯಾರೊಸೆಲ್, ಅಂದರೆ ಒಂದರ ನಂತರ ಒಂದು ಸ್ವೈಪ್ ಮಾಡಿ ನೋಡುವ ಚಿತ್ರಗಳ ಸಾಲು, ಬೇಕೆಂದು ಸಂಘದವರು ಹೇಳಿದ್ದೇ ತಡ, ಅವನು ಮೊದಲ ಸ್ಲೈಡ್ ಮಾಡಿ ಕಳಿಸಿಬಿಟ್ಟ. ಕಪ್ಪು ಹಿನ್ನೆಲೆ, ಮೊಣಕಾಲಿಗೆ ತಲೆ ಆನಿಸಿ ಕೂತ ಆಕೃತಿ, ಮೇಲೆ ದಪ್ಪಕ್ಷರದಲ್ಲಿ ‘ಈ 7 ಲಕ್ಷಣ ಇದ್ದರೆ ನಿಮಗೆ ಖಿನ್ನತೆ ಇದೆ!’

‘ಇಷ್ಟಾದ್ರೂ ಜೋರಾಗಿಲ್ಲದಿದ್ರೆ ಯಾರೂ ಸ್ವೈಪ್ ಮಾಡಲ್ಲ ಅಕ್ಕಾ’ ಅಂದ. ಅವನ ಮಾತಿನಲ್ಲಿ ಹುರುಳಿತ್ತು. ಮೊದಲ ಸ್ಲೈಡ್ ಹಿಡಿದು ನಿಲ್ಲಿಸದಿದ್ದರೆ ಮುಂದಿನದ್ದನ್ನು ಎಷ್ಟು ಜತನದಿಂದ ಬರೆದರೂ ದಂಡ. ಆದರೆ ಖಿನ್ನತೆ ಇದೆಯೇ ಎಂದು ತೀರ್ಮಾನಿಸಲು ವೈದ್ಯರು ಲಕ್ಷಣಗಳನ್ನು ಎಣಿಸಿ ಸುಮ್ಮನಾಗುವುದಿಲ್ಲ. ಬೇಸರವೋ ನಿರಾಸಕ್ತಿಯೋ ಕನಿಷ್ಠ ಎರಡು ವಾರ, ಹೆಚ್ಚುಕಡಿಮೆ ದಿನವೂ, ದಿನದ ಬಹುಪಾಲು ಇದೆಯೇ, ಅದರಿಂದ ಕೆಲಸ, ಓದು, ಮನೆ ಇವೆಲ್ಲ ಏರುಪೇರಾಗಿವೆಯೇ ಎಂದು ಕೇಳುತ್ತಾರೆ. ಥೈರಾಯ್ಡ್‌ನಂಥ ಬೇರೆ ತೊಂದರೆಯೂ ಹೀಗೇ ಕಾಣಬಹುದಾದ್ದರಿಂದ ಅದನ್ನೂ ನೋಡುತ್ತಾರೆ. ನಾವು ಒಂದು ಚಿತ್ರ ತೋರಿಸಿ ‘ನಿಮಗೆ ಇದೆ’ ಅನ್ನುವುದು ಯಾವ ಅಧಿಕಾರದಿಂದ?

ಆಪ್ತ ಗೆಳತಿಯೊಬ್ಬಳು ಮನೋವೈದ್ಯಕೀಯ ಸಮಾಜಕಾರ್ಯಕರ್ತೆ. ಭಾನುವಾರ ಬೆಳಿಗ್ಗೆ ಅವಳ ಎದುರು ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು ಕೂತೆ. ಹುಡುಗ ಫೋನಿನ ಆ ಬದಿಯಲ್ಲಿದ್ದ. ಅವಳು ಕೇಳಿದ ಮೊದಲ ಪ್ರಶ್ನೆ, ‘ಇದು ಯಾರಿಗೆ ಕಣೇ? ಕಷ್ಟದಲ್ಲಿರೋರಿಗಾ, ಅವರ ಜೊತೆ ಇರೋರಿಗಾ?’

ಸ್ನೇಹಿತರಿಗೆ ಎಂದು ತೀರ್ಮಾನವಾಯಿತು. ಜೊತೆಯವರೊಬ್ಬರು ಬದಲಾಗಿದ್ದಾರೆ ಅನ್ನಿಸಿದರೆ ಹೇಗೆ ಮಾತಾಡಿಸುವುದು, ಅಷ್ಟೇ ವಿಷಯ. ‘ಸರಿ, ಆದ್ರೆ ಆ ಬದಲಾದವರೂ ಇದನ್ನ ಓದ್ತಾರೆ ಅನ್ನೋದು ನೆನಪಿರಲಿ’ ಅಂದಳು. ಆಮೇಲೆ ಬರೆದ ಪ್ರತಿ ಸಾಲನ್ನೂ ನಾನು ಎರಡೆರಡು ಸಲ ಓದಬೇಕಾಯಿತು. ಒಮ್ಮೆ ಗೆಳತಿಯಾಗಿ, ಇನ್ನೊಮ್ಮೆ ಯಾರ ಬಗ್ಗೆ ಬರೆದಿದ್ದೇವೋ ಅವರಾಗಿ. ‘ಇಂಥವರನ್ನು ನಿಭಾಯಿಸುವುದು ಸುಲಭವಲ್ಲ, ತಾಳ್ಮೆ ಬೇಕು’ ಎಂಬ ಸಾಲು ಸ್ನೇಹಿತರಿಗೆ ಸಮಾಧಾನ. ಆದರೆ ತಾನು ಎಲ್ಲರಿಗೂ ಹೊರೆ ಎಂದು ಆಗಲೇ ಕೊರಗುತ್ತಿರುವವರು ಓದಿದರೆ? ಆ ಕೊರಗೇ ಆತ್ಮಹತ್ಯೆಯ ಯೋಚನೆಯ ಜೊತೆ ಬಹಳ ಸಲ ಕಾಣಿಸುತ್ತದೆ ಎಂದು ಅವಳು ಹೇಳಿದ ಮೇಲೆ ಆ ಸಾಲು ಹೋಯಿತು. ‘ನೀವೊಬ್ಬರೇ ಎಲ್ಲವನ್ನೂ ಮಾಡಬೇಕಿಲ್ಲ, ಮನೆಯವರನ್ನೂ ವೈದ್ಯರನ್ನೂ ಜೊತೆಗೆ ಸೇರಿಸಿಕೊಳ್ಳಿ’ ಎಂದು ಬರೆದೆವು. ಇದನ್ನು ಯಾವ ಕಡೆಯಿಂದ ಓದಿದರೂ ಯಾರಿಗೂ ಚುಚ್ಚುವುದಿಲ್ಲ.

ಮುಖಪುಟಕ್ಕೆ ‘ಗೆಳತಿ ಎರಡು ವಾರದಿಂದ ಮೊದಲಿನ ಹಾಗಿಲ್ಲ ಅನ್ನಿಸುತ್ತಿದೆಯಾ?’ ಎಂಬ ಸಾಲು ಬಂತು. ಅದರ ಕೆಳಗೆ ‘ಹೀಗೆ ಮಾತು ಶುರು ಮಾಡಿ’. ಮುದುಡಿ ಕೂತ ಆಕೃತಿಯನ್ನು ತೆಗೆದು ಇಬ್ಬರು ಪಕ್ಕಪಕ್ಕ ನಡೆಯುವ ಚಿತ್ರ ಹಾಕಲು ಹೇಳಿದೆ. ‘ಎರಡು ವಾರ’ ಅಂದರೆ ಓದುವವರು ತಾವೇ ಎಣಿಸಿ ನೋಡುತ್ತಾರೆ, ಸ್ವೈಪ್ ಮಾಡುತ್ತಾರೆ ಎಂದು ಹುಡುಗನಿಗೂ ಒಪ್ಪಿಗೆಯಾಯಿತು.

ನಾಲ್ಕನೇ ಸ್ಲೈಡ್ ಬಗ್ಗೆ ವಾದ ಬೆಳೆಯಿತು. ಅವನು ಅದನ್ನು ‘ಹೀಗೆ ಹೇಳಬೇಡಿ’ ಎಂದು ಮಾಡಿದ್ದ. ‘ಇದೆಲ್ಲಾ ನಿನ್ನ ಕಲ್ಪನೆ’, ‘ಬೇರೆಯವರಿಗೆ ನಿನಗಿಂತ ಕಷ್ಟ ಇದೆ’, ‘ಮನಸ್ಸು ಗಟ್ಟಿ ಮಾಡ್ಕೋ’ ಎಂಬ ಮಾತುಗಳು ದೊಡ್ಡಕ್ಷರದಲ್ಲಿ, ಪಕ್ಕದಲ್ಲಿ ಸಣ್ಣ ಕೆಂಪು ಗುರುತು. ತಪ್ಪು ಕಲ್ಪನೆಗಳ ಪಟ್ಟಿಗಳಲ್ಲೂ ಇದೇ ತೊಡಕು. ತಪ್ಪು ಮಾತೇ ದೊಡ್ಡದಾಗಿ ಕಂಡರೆ ಕೊನೆಗೆ ನೆನಪಿನಲ್ಲಿ ಉಳಿಯುವುದು ಅದೇ. ಅದಕ್ಕಿಂತ ಮುಖ್ಯವಾಗಿ, ಕ್ಯಾರೊಸೆಲ್ ಇಡಿಯಾಗಿ ಊರು ಸುತ್ತುವುದಿಲ್ಲ. ಯಾರೋ ಒಂದು ಸ್ಲೈಡಿನ ಸ್ಕ್ರೀನ್‌ಶಾಟ್ ತೆಗೆದು ವಾಟ್ಸ್ಆ್ಯಪ್‌ಗೆ ಹಾಕುತ್ತಾರೆ. ಅಂಚು ಕತ್ತರಿಸಿಹೋದ, ಶೀರ್ಷಿಕೆ ಮರೆಯಾದ ಆ ಚಿತ್ರದಲ್ಲಿ ‘ಮನಸ್ಸು ಗಟ್ಟಿ ಮಾಡ್ಕೋ’ ಎಂಬುದೊಂದೇ ಉಳಿದರೆ ನಮ್ಮ ಸಂಘವೇ ಆ ಉಪದೇಶ ಕೊಟ್ಟಂತಾಯಿತು. ಹೇಳಬೇಕಾದ ಮಾತನ್ನೇ ದೊಡ್ಡದು ಮಾಡಿದೆವು: ‘ಕೆಲವು ದಿನದಿಂದ ನೀನು ಊಟಕ್ಕೂ ಬರ್ತಿಲ್ಲ, ಫೋನೂ ಎತ್ತುತ್ತಿಲ್ಲ. ಹೇಗಿದ್ದೀಯ? ನನಗೆ ಕೇಳಿಸ್ಕೊಳ್ಳೋಕೆ ಟೈಮ್ ಇದೆ.’ ಕೆಳಗೆ ಒಂದೇ ಸಣ್ಣ ಸಾಲು, ‘ಹೋಲಿಕೆ, ಬುದ್ಧಿವಾದ ಇವೆರಡನ್ನೂ ಈಗ ಬದಿಗಿಡಿ.’

ಐದನೇ ಸ್ಲೈಡೇ ಎಲ್ಲಕ್ಕಿಂತ ಕಷ್ಟದ್ದು. ಸಾವಿನ ಯೋಚನೆಯ ಬಗ್ಗೆ ಕೇಳಬೇಕೆಂದು ಹೇಳುವುದು ಹೇಗೆ? ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುತ್ತದೆ ಎಂದು ಹೆದರುವವರು ಬಹಳ. ಹಾಗಾಗುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ನೇರವಾಗಿ ಕೇಳಿದರೆ ಮಾತಿಗೆ ದಾರಿಯಾಗುತ್ತದೆ. ನಮ್ಮ ಬಾಯಲ್ಲಿ ಸಾಮಾನ್ಯವಾಗಿ ಬರುವುದು ‘ಏನಾದ್ರೂ ಮಾಡ್ಕೊಂಡುಬಿಟ್ಟೀಯ ಮತ್ತೆ’ ಎಂಬ ಸುತ್ತುಬಳಸಿನ ಮಾತು. ಇಲ್ಲವೇ ‘ಅಂಥದ್ದೇನೂ ಯೋಚ್ನೆ ಇಲ್ಲ ತಾನೆ?’ ಗೆಳತಿ ಎರಡನ್ನೂ ತಳ್ಳಿಹಾಕಿದಳು. ಮೊದಲನೆಯದು ಬೈದಂತೆ ಕೇಳಿಸುತ್ತದೆ. ಎರಡನೆಯದರಲ್ಲಿ ‘ಇಲ್ಲ’ ಎಂಬ ಉತ್ತರವನ್ನು ನಾವೇ ಬಾಯಿಗಿಟ್ಟಿರುತ್ತೇವೆ. ಹಾಗೆ ಕೇಳಿದಾಗ ‘ಹೌದು’ ಅನ್ನಲು ಬಹಳ ಧೈರ್ಯ ಬೇಕು. ಸ್ಲೈಡಿನಲ್ಲಿ ಕೊನೆಗೆ ನಿಂತದ್ದು: ‘ಸಾಯಬೇಕು ಅನ್ನೋ ಯೋಚನೆ ಬರ್ತಿದೆಯಾ? ಹೌದಾದರೂ ನನ್ನ ಹತ್ತಿರ ಹೇಳಬಹುದು.’

‘ಹೌದು’ ಎಂದರೆ ಏನು ಮಾಡಬೇಕೆಂಬುದನ್ನು ಮುಂದಿನ ಸ್ಲೈಡಿಗೆ ಬಿಡುವ ಹಾಗಿರಲಿಲ್ಲ, ಏಕೆಂದರೆ ಹರಡಿಕೊಳ್ಳುವುದು ಈ ಸ್ಲೈಡೇ. ಒಬ್ಬರನ್ನೇ ಬಿಡಬೇಡಿ, ಅಪಾಯವಾಗಬಹುದಾದ ವಸ್ತುಗಳನ್ನು ಕೈಗೆಟುಕದಂತೆ ಇಡಿ, ಈಗಲೇ ಕರೆ ಮಾಡಿ ಎಂದು ಅಲ್ಲೇ ಬರೆದೆವು. ಆ ವಸ್ತುಗಳು ಯಾವುವು ಎಂದು ಹುಡುಗ ಕೇಳಿದ, ಓದುವವರಿಗೆ ಸ್ಪಷ್ಟವಾಗಲಿ ಎಂದು. ಹೆಸರಿಸಲಿಲ್ಲ. ಆತ್ಮಹತ್ಯೆಯ ಬಗ್ಗೆ ಬರೆಯುವಾಗ ವಿಧಾನ, ಜಾಗ ಯಾವುದನ್ನೂ ವಿವರಿಸಬಾರದು, ಒಂದೇ ಕಾರಣಕ್ಕೆ ಕಟ್ಟಿಹಾಕಬಾರದು, ಸಹಾಯ ಎಲ್ಲಿ ಸಿಗುತ್ತದೆ ಎಂಬುದನ್ನು ಜೊತೆಗೇ ಕೊಡಬೇಕು ಎಂದು ಪತ್ರಕರ್ತರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವ ನಿಯಮಗಳು ಚಿಕ್ಕ ಇನ್‌ಸ್ಟಾಗ್ರಾಮ್ ಪುಟಕ್ಕೂ ಸರಿಹೊಂದುತ್ತವೆ. ‘ಯಾರಿಗೂ ಹೇಳಲ್ಲ ಅಂತ ಮಾತು ಕೊಡಿ’ ಎಂದು ಹುಡುಗ ಸೇರಿಸಿದ್ದ ಸಾಲನ್ನೂ ಗೆಳತಿ ಹೊಡೆದುಹಾಕಿದಳು. ಜೀವದ ಪ್ರಶ್ನೆ ಬಂದಾಗ ಆ ಮಾತು ಮುರಿಯಲೇಬೇಕಾಗುತ್ತದೆ.

ಇನ್ನು ನಂಬರ್. ಸಂಘದ ಹಳೆಯ ಪೋಸ್ಟರಿನಲ್ಲಿ ಸಹಾಯವಾಣಿಗಳದೊಂದು ಉದ್ದ ಪಟ್ಟಿಯಿತ್ತು. ಒಂದೊಂದಕ್ಕೂ ಫೋನ್ ಮಾಡಿದೆ. ಒಂದು ಅಸ್ತಿತ್ವದಲ್ಲೇ ಇರಲಿಲ್ಲ, ಇನ್ನೊಂದು ಎತ್ತುವವರಿಲ್ಲದೆ ರಿಂಗಾಗಿ ನಿಂತಿತು, ಮತ್ತೊಂದು ಕಚೇರಿ ವೇಳೆಯಲ್ಲಿ ಮಾತ್ರ. ಕೈ ನಡುಗುತ್ತಾ ಒತ್ತಿದ ನಂಬರಿಗೆ ಯಾರೂ ಸಿಗದಿದ್ದರೆ ಎರಡನೆಯದನ್ನು ಒತ್ತುವ ತ್ರಾಣ ಎಷ್ಟು ಜನಕ್ಕಿರುತ್ತದೆ? ಉದ್ದ ಪಟ್ಟಿ ಬಿಟ್ಟು ಎರಡನ್ನೇ ಇಟ್ಟುಕೊಂಡೆವು. ಜೀವಕ್ಕೆ ತಕ್ಷಣದ ಅಪಾಯವಿದ್ದರೆ 112. ಮಾತಾಡಬೇಕೆನ್ನಿಸಿದರೆ ಟೆಲಿ ಮಾನಸ್, 14416. ಇದು ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಉಚಿತ ಸೇವೆ, ಹಗಲೂ ರಾತ್ರಿಯೂ ಇದೆ, ಕನ್ನಡದಲ್ಲೂ ಮಾತಾಡಬಹುದು. ಹೊರದೇಶದಲ್ಲಿರುವ ಹಳೆಯ ವಿದ್ಯಾರ್ಥಿಗಳಿಗೆ ಈ ನಂಬರುಗಳು ಉಪಯೋಗವಿಲ್ಲವಾದ್ದರಿಂದ, ಆಯಾ ದೇಶದ ಸಹಾಯವಾಣಿ ತೋರಿಸುವ findahelpline.com ಎಂಬ ತಾಣವನ್ನು ಕ್ಯಾಪ್ಷನ್ನಿನಲ್ಲಿ ಹಾಕಿದೆವು.

14416ಕ್ಕೆ ಕರೆ ಮಾಡಿದರೆ ಮೊದಲು ಭಾಷೆ ಆರಿಸಿಕೊಳ್ಳಲು ಹೇಳುವ ರೆಕಾರ್ಡ್ ಮಾಡಿದ ದನಿ ಕೇಳಿಸುತ್ತದೆ. ಆ ಹೊತ್ತಿನಲ್ಲಿ ಯಂತ್ರದ ದನಿ ಕೇಳಿ ಫೋನ್ ಇಟ್ಟುಬಿಡುವವರು ಇರುತ್ತಾರೆ ಎಂದಳು ಗೆಳತಿ. ಹಾಗಾಗಿ ಏಳನೇ ಸ್ಲೈಡಿನಲ್ಲಿ ನಂಬರಿನ ಕೆಳಗೇ ಬರೆದೆವು: ‘ಮೊದಲು ಭಾಷೆ ಆರಿಸಲು ಹೇಳುವ ದನಿ ಬರುತ್ತದೆ, ಇಡಬೇಡಿ. ಆಮೇಲೆ ತರಬೇತಿ ಪಡೆದವರು ಮಾತಾಡುತ್ತಾರೆ. ಗೆಳೆಯರ ಬಗ್ಗೆ ಕೇಳಲೂ ಕರೆ ಮಾಡಬಹುದು.’ ‘ಸಹಾಯ ಪಡೆಯಿರಿ’ ಎಂದು ಬರೆಯುವುದು ಸುಲಭ. ಆದರೆ ಮುಂದೇನಾಗುತ್ತದೆ ಎಂದು ತಿಳಿಯದೆ ಹೆದರುವವರಿಗೆ ಆ ಎರಡು ಪದದಿಂದ ಏನೂ ಸಿಗುವುದಿಲ್ಲ.

ಚಿತ್ರದೊಳಗಿನ ನಂಬರನ್ನು ಬೆರಳಿಂದ ಒತ್ತಿದರೆ ಕರೆ ಹೋಗುವುದಿಲ್ಲ, ನಕಲು ಮಾಡಲೂ ಸುಲಭವಿಲ್ಲ, ಕಣ್ಣು ಕಾಣದವರ ಫೋನು ಅದನ್ನು ಸರಿಯಾಗಿ ಓದುತ್ತದೆ ಎಂಬ ಖಾತರಿಯೂ ಇಲ್ಲ. ಪೋಸ್ಟ್ ಆದ ಮೇಲೆ ಚಿತ್ರ ಬದಲಿಸಲಾಗದು, ಕ್ಯಾಪ್ಷನ್ ತಿದ್ದಬಹುದು. ಹೀಗಾಗಿ ನಂಬರನ್ನು ಕ್ಯಾಪ್ಷನ್ನಿನ ಮೊದಲ ಸಾಲಿನಲ್ಲೂ, ಕಣ್ಣು ಕಾಣದವರಿಗೆ ಫೋನು ಓದಿಹೇಳುವ ವಿವರಣೆಯಾದ ಆಲ್ಟ್ ಟೆಕ್ಸ್ಟ್‌ನಲ್ಲಿ ಪ್ರತಿ ಸ್ಲೈಡಿಗೂ, ಪ್ರತಿ ಸ್ಲೈಡಿನ ಕೆಳಗೊಂದು ಅಡ್ಡಪಟ್ಟಿಯಾಗಿಯೂ ಇಟ್ಟೆವು. ಅಡ್ಡಪಟ್ಟಿ ಅಂದಗೆಡಿಸುತ್ತದೆ ಎಂದು ಹುಡುಗ ಮುಖ ಸಿಂಡರಿಸಿದ. ಕೊನೆಯ ಸ್ಲೈಡಿನವರೆಗೆ ಎಲ್ಲರೂ ಬರುವುದಿಲ್ಲ ಎಂದು ಅವನೇ ಬೆಳಿಗ್ಗೆ ಹೇಳಿದ್ದನಲ್ಲ, ಆ ಮಾತನ್ನೇ ನೆನಪಿಸಿದೆ.

ಹೆಚ್ಚು ಜನ ನೋಡುತ್ತಾರೆಂದು ರಾತ್ರಿ ಹತ್ತಕ್ಕೆ ಹಾಕುವ ಯೋಚನೆ ಅವನದು. ಬೆಳಿಗ್ಗೆ ಹಾಕೋಣ ಎಂದೆ, ಕಮೆಂಟು, ಮೆಸೇಜುಗಳನ್ನು ನೋಡಲು ಯಾರಾದರೂ ಎಚ್ಚರವಿರಬೇಕು. ‘ಮಾತಾಡಬೇಕೆನ್ನಿಸಿದರೆ ನಮಗೆ ಮೆಸೇಜ್ ಮಾಡಿ’ ಎಂಬ ಸಾಲು ಬೇಡವೆಂದೂ ತೀರ್ಮಾನಿಸಿದೆವು. ಸರದಿಯಲ್ಲಿ ಪುಟ ನೋಡುವ ಇಬ್ಬರು ಹವ್ಯಾಸಿಗಳಿಂದ ಅಂಥ ಭರವಸೆ ಕೊಡಲಾಗದು. ಯಾರಾದರೂ ಬರೆದೇಬಿಟ್ಟರೆ ಕಳಿಸಲು ಗೆಳತಿ ಒಂದು ಸಿದ್ಧ ಉತ್ತರ ಬರೆದುಕೊಟ್ಟಳು: ‘ಹೇಳಿಕೊಂಡಿದ್ದಕ್ಕೆ ಥ್ಯಾಂಕ್ಸ್. ಈಗ ಸುರಕ್ಷಿತವಾಗಿದ್ದೀರಾ? ಹತ್ತಿರ ಯಾರಿದ್ದಾರೆ? ನಾವು ಆಪ್ತಸಮಾಲೋಚಕರಲ್ಲ, 14416ರಲ್ಲಿ ಈಗಲೇ ಮಾತಾಡಬಹುದು.’ ಯಾರಾದರೂ ಕಮೆಂಟಿನಲ್ಲಿ ವಿಧಾನದ ಬಗ್ಗೆ ಬರೆದರೆ ಮರೆಮಾಡಿ, ಆ ವ್ಯಕ್ತಿಗೆ ಪ್ರತ್ಯೇಕವಾಗಿ ಬರೆಯಬೇಕೆಂದೂ ಮಾತಾಯಿತು.

ಪೋಸ್ಟ್ ಹಾಕಿದ ದಿನ ಸಂಜೆಯ ಹೊತ್ತಿಗೆ ಬಂದ ಮೆಸೇಜುಗಳಲ್ಲಿ ಒಂದು ಹೀಗಿತ್ತು: ‘ಫ್ರೆಂಡ್ ಐದನೇ ಸ್ಲೈಡ್ ಮಾತ್ರ ಕಳಿಸಿದ. ಆ ನಂಬರಿಗೆ ಫೋನ್ ಮಾಡಿದ್ರೆ ಮನೆಗೆ ಹೇಳ್ತಾರಾ?’ ಸುರಕ್ಷಿತವಾಗಿದ್ದೀರಾ ಎಂದು ಮೊದಲು ಕೇಳಿದೆವು. ಹೌದು, ಅಕ್ಕ ಪಕ್ಕದ ರೂಮಿನಲ್ಲಿದ್ದಾಳೆ ಎಂಬ ಉತ್ತರ ಬಂತು. ಮನೆಗೆ ಹೇಳುವ ವಿಷಯಕ್ಕೆ ನಾವು ಊಹಿಸಿ ಉತ್ತರಿಸಲಿಲ್ಲ. ಕರೆಯ ಶುರುವಿನಲ್ಲೇ ಅದನ್ನೇ ಕೇಳಬಹುದು, ಉತ್ತರ ಕೇಳಿ ಮುಂದುವರಿಸುವುದೋ ಬೇಡವೋ ನೀವೇ ನಿರ್ಧರಿಸಬಹುದು, ಬೇಕಾದರೆ ಅಕ್ಕನನ್ನು ಪಕ್ಕದಲ್ಲೇ ಕೂರಿಸಿಕೊಳ್ಳಿ ಎಂದು ಬರೆದೆವು. ಅದೇ ಪ್ರಶ್ನೆಯನ್ನು ಹೆಸರಿಲ್ಲದೆ ಕ್ಯಾಪ್ಷನ್ನಿಗೆ ಸೇರಿಸಿದೆ: ‘ನಾನು ಹೇಳುವುದು ಯಾರಿಗೆಲ್ಲ ತಿಳಿಯುತ್ತದೆ ಎಂದು ಕರೆಯ ಮೊದಲಿಗೇ ಕೇಳಿ. ಅದು ಕೇಳಬಹುದಾದ ಪ್ರಶ್ನೆ.’ ಸ್ಲೈಡಿನಲ್ಲಿ ಜಾಗವಿರಲಿಲ್ಲ, ಇದ್ದಿದ್ದರೂ ಆ ಹೊತ್ತಿಗೆ ಚಿತ್ರ ಬದಲಿಸಲಾಗುತ್ತಿರಲಿಲ್ಲ.