24 ವೋಲ್ಟ್ ಅಡಾಪ್ಟರ್ ಚುಚ್ಚಿದ ಕೂಡಲೇ ಸತ್ತ ಬೋರ್ಡುಗಳು

ಟೆಸ್ಟ್ ಬೆಂಚಿನಲ್ಲಿ ಅಡಾಪ್ಟರ್ ಪಿನ್ ಚುಚ್ಚಿದ ಕ್ಷಣಕ್ಕೇ ಇನ್‌ಪುಟ್ ರೆಗ್ಯುಲೇಟರ್ ಶಾರ್ಟ್. ಎಲ್ಲ ಬೋರ್ಡಿನಲ್ಲೂ ಅಲ್ಲ, ಎಲ್ಲ ಸಲವೂ ಅಲ್ಲ. ಚಿಪ್ಪಿನ ಗರಿಷ್ಠ ಮಿತಿ 36 ವೋಲ್ಟ್, ಕೊಟ್ಟದ್ದು 24. ಡಿಸೈನ್ ರಿವ್ಯೂನಲ್ಲಿ "50 ಪರ್ಸೆಂಟ್ ಮಾರ್ಜಿನ್ ಇದೆ" ಅಂತ ಬರೆದು ಎಲ್ಲರೂ ಸಹಿ ಹಾಕಿದ್ದರು. ಇನ್‌ಪುಟ್‌ನಲ್ಲಿದ್ದ ಎಲೆಕ್ಟ್ರೋಲಿಟಿಕ್ ಕೆಪಾಸಿಟರನ್ನು ಕೆಲವೇ ರೂಪಾಯಿ ಉಳಿಸಲು ಬಿಒಎಂನಿಂದ ತೆಗೆಸಿದ್ದು ಮಾತ್ರ ಆ ರಿವ್ಯೂನಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ.

ಉಳಿದದ್ದು ಒಂದು 10 ಮೈಕ್ರೋಫ್ಯಾರಡ್ ಸೆರಾಮಿಕ್. 24 ವೋಲ್ಟ್ ಬಯಾಸ್‌ನಲ್ಲಿ ಅದರ ನಿಜವಾದ ಕೆಪಾಸಿಟೆನ್ಸ್ ಸುಮಾರು 4 ಮೈಕ್ರೋಫ್ಯಾರಡ್‌ಗೆ ಇಳಿಯುತ್ತದೆ. ಅಡಾಪ್ಟರ್ ವೈರಿನ ಇಂಡಕ್ಟೆನ್ಸ್ ಸುಮಾರು 1 ಮೈಕ್ರೋಹೆನ್ರಿ. ವೈರು, ಕನೆಕ್ಟರ್ ಎಲ್ಲ ಸೇರಿ ರೆಸಿಸ್ಟೆನ್ಸ್ 0.2 ಓಮ್. ಅಂದರೆ ಸ್ಕೆಮ್ಯಾಟಿಕ್‌ನಲ್ಲಿ ಯಾರೂ ಬಿಡಿಸದ ಒಂದು ಸೀರೀಸ್ ಆರ್‌ಎಲ್‌ಸಿ ಅಲ್ಲಿ ಕೂತಿತ್ತು.

```
α  = R/(2L)       = 1.0e5 /s
ω0 = 1/√(LC)      = 5.0e5 rad/s
ωd = √(ω0² − α²)  = 4.9e5 rad/s
v(t) = 24 + e^(−αt)·(A·cos ωd·t + B·sin ωd·t)
```

ಕೆಪಾಸಿಟರ್ ವೋಲ್ಟೇಜಿನಲ್ಲಿ 24 ಫೋರ್ಸ್ಡ್ ಭಾಗ, ಉಳಿದದ್ದು ನ್ಯಾಚುರಲ್ ಭಾಗ. A ಮತ್ತು B ಹುಡುಕುವಾಗ ಆರಂಭದ ಸ್ಥಿತಿಯನ್ನು ಎರಡರ ಮೊತ್ತಕ್ಕೆ ಹಾಕಬೇಕು. ನ್ಯಾಚುರಲ್ ಭಾಗಕ್ಕೆ ಮಾತ್ರ ಹಾಕಿದರೆ ಎರಡೂ ಸೊನ್ನೆಯಾಗಿ ಅಲುಗಾಟವೇ ಮಾಯ. ಖಾಲಿ ಕೆಪಾಸಿಟರ್ ಎಂದರೆ v(0) = 0, ಆದ್ದರಿಂದ A = −24. ಕರೆಂಟ್ ಸೊನ್ನೆಯಿಂದ ಶುರುವಾಗುವುದರಿಂದ v ಇಳಿಜಾರೂ ಸೊನ್ನೆ; ಅದರಿಂದ −αA + ωd·B = 0, ಹಾಗಾಗಿ B = −4.9. "ಕರೆಂಟ್ ಸೊನ್ನೆ, ಆದ್ದರಿಂದ B ಸೊನ್ನೆ" ಅಂತ ಬರೆಯುವವರು ಬಹಳ. ಹಾಗೆ ಬರೆದರೆ ಚುಚ್ಚಿದ ಆ ಕ್ಷಣದಲ್ಲೇ ಇಂಡಕ್ಟರ್‌ನಲ್ಲಿ 9.6 ಆಂಪಿಯರ್ ಇರಬೇಕಾಗುತ್ತದೆ, ಅದು ಆಗದ ಮಾತು. ಉತ್ತರ ಸಿಕ್ಕ ಮೇಲೆ C·dv/dt ಒಮ್ಮೆ t = 0ರಲ್ಲಿ ಲೆಕ್ಕ ಹಾಕಿ ನೋಡಿದರೆ ಈ ತಪ್ಪು ತಕ್ಷಣ ಸಿಕ್ಕಿಬೀಳುತ್ತದೆ.

ಶಿಖರ ಬರುವುದು π/ωd, ಅಂದರೆ 6.4 ಮೈಕ್ರೋಸೆಕೆಂಡಿಗೆ. ಓವರ್‌ಶೂಟ್ 53 ಪರ್ಸೆಂಟ್, ಶಿಖರ 36.6 ವೋಲ್ಟ್. ರಿವ್ಯೂನ ಆ 50 ಪರ್ಸೆಂಟ್ ಮಾರ್ಜಿನ್ ಅಲ್ಲಿಗೆ ಮುಗಿಯಿತು. ವಾಸ್ತವ ಇದಕ್ಕಿಂತ ಕೆಟ್ಟದ್ದು: ವೋಲ್ಟೇಜ್ ಏರಿದಂತೆ ಸೆರಾಮಿಕ್‌ನ ಕೆಪಾಸಿಟೆನ್ಸ್ ಕುಗ್ಗುತ್ತಾ ಹೋಗುವುದರಿಂದ ಶಿಖರ ಇನ್ನೂ ಮೇಲೆ ಹೋಗುತ್ತದೆ. C ಸ್ಥಿರ ಅಂತ ಹಿಡಿದ ಈ ಲೆಕ್ಕ ಅಷ್ಟರ ಮಟ್ಟಿಗೆ ಸೌಮ್ಯವೇ.

ಹಾಗಿದ್ದರೆ ಸಿಮ್ಯುಲೇಶನ್‌ನಲ್ಲಿ ಯಾಕೆ ಕಾಣಲಿಲ್ಲ? ಮೀಟಿಂಗಿನಲ್ಲಿ ತೋರಿಸಿದ ಪ್ಲಾಟ್ 24 ವೋಲ್ಟಿನಲ್ಲಿ ಗೆರೆ ಎಳೆದಷ್ಟು ನೇರ. ಸೋರ್ಸ್ ಬರೀ `DC 24` ಆಗಿತ್ತು. ಸ್ಪೈಸ್ ಮೊದಲು ಆಪರೇಟಿಂಗ್ ಪಾಯಿಂಟ್ ಲೆಕ್ಕ ಹಾಕುತ್ತದೆ, ಆಗಲೇ ಕೆಪಾಸಿಟರ್ 24ಕ್ಕೆ ತುಂಬಿರುತ್ತದೆ. ಆರಂಭದ ಸ್ಥಿತಿ ಫೋರ್ಸ್ಡ್ ಉತ್ತರಕ್ಕೆ ಸಮ, A, B ಎರಡೂ ಸೊನ್ನೆ. ಟೂಲ್ ಸುಳ್ಳು ಹೇಳಲಿಲ್ಲ, ಕೇಳಿದ ಪ್ರಶ್ನೆಯೇ ಬೇರೆ. ಎಲ್‌ಟಿಸ್ಪೈಸ್‌ನ `startup` ಕೂಡ ಇಲ್ಲಿ ಮೋಸ: ಅದು ಸೋರ್ಸನ್ನು 20 ಮೈಕ್ರೋಸೆಕೆಂಡಿನಲ್ಲಿ ನಿಧಾನ ಏರಿಸುತ್ತದೆ, ನಮ್ಮ ಅಲುಗಾಟದ ಒಂದು ಸುತ್ತೇ 12.8. ಚುಚ್ಚುವುದನ್ನು ಹೀಗೆ ಬರೆಯಬೇಕು:

```
* hotplug
V1 in 0 PWL(0 0 10n 24)
R1 in a 0.2
L1 a out 1u
C1 out 0 4u
.tran 10n 40u
.end
```

ಬೆಂಚಿನ ಒಗಟು ಇನ್ನೂ ಉಳಿದಿತ್ತು. ಒಬ್ಬರು ಪಟಪಟ ಅಂತ ತೆಗೆದು ಚುಚ್ಚಿ ತೆಗೆದು ಚುಚ್ಚಿ ತೋರಿಸಿದರೂ ಏನೂ ಆಗುವುದಿಲ್ಲ. ಟ್ರೇಯಿಂದ ಹೊಸ ಬೋರ್ಡ್ ತೆಗೆದು ಚುಚ್ಚಿದರೆ ಮೊದಲ ಸಲಕ್ಕೇ ಢಮಾರ್. ಇದೂ A ಮಾಡಿದ್ದೇ. ತೆಗೆದ ಮೇಲೆ ಕೆಪಾಸಿಟರಿನಲ್ಲಿ 12 ವೋಲ್ಟ್ ಉಳಿದಿದ್ದರೆ A = −12 ಮಾತ್ರ, ಶಿಖರ 30.3. ಚಿಪ್ ಬದುಕುತ್ತದೆ. "ಹತ್ತು ಸಲ ಚುಚ್ಚಿದೆವು, ಪಾಸ್" ಅನ್ನುವ ರಿಪೋರ್ಟಿನಲ್ಲಿ ನಿಜವಾದ ಪರೀಕ್ಷೆ ಮೊದಲನೆಯದು ಮಾತ್ರ.

ಪರಿಹಾರದ ಚರ್ಚೆಯಲ್ಲಿ ಮೊದಲು ಬಂದದ್ದು ಸೀರೀಸ್ ರೆಸಿಸ್ಟರ್. ಕ್ರಿಟಿಕಲ್ ಡ್ಯಾಂಪಿಂಗ್‌ಗೆ 2√(L/C), ಅಂದರೆ ಒಟ್ಟು 1 ಓಮ್ ಬೇಕು. 2 ಆಂಪಿಯರ್ ಲೋಡಿಗೆ 4 ವ್ಯಾಟ್ ಬಿಸಿ. ಆಮೇಲೆ SMBJ24A ಟಿವಿಎಸ್ ಡಯೋಡ್ ಹಾಕೋಣ ಅಂದರು. ಅದರ ಕ್ಲ್ಯಾಂಪ್ ವೋಲ್ಟೇಜ್ ಡೇಟಾಶೀಟಿನಲ್ಲಿ 38.9, ಕಾಪಾಡಬೇಕಾದ ಚಿಪ್ಪಿನದು 36. ಕೊನೆಗೆ ಕೂತದ್ದು ತೆಗೆಸಿದ್ದ ಎಲೆಕ್ಟ್ರೋಲಿಟಿಕ್ಕೇ: 47 ಮೈಕ್ರೋಫ್ಯಾರಡ್, 50 ವೋಲ್ಟ್, ಇಎಸ್‌ಆರ್ √(L/C) ಆಸುಪಾಸು, ಅಂದರೆ ಅರ್ಧ ಓಮ್. ಅದು ಸೆರಾಮಿಕ್‌ಗೆ ಪ್ಯಾರಲಲ್ ಕೂತು, ಲೋಡ್ ಕರೆಂಟಿಗೆ ಅಡ್ಡ ಬರದೆ ಅಲುಗಾಟವನ್ನು ತಿಂದುಹಾಕುತ್ತದೆ. ಎರಡನೇ ಕೆಪಾಸಿಟರ್ ಬಂದ ಮೇಲೆ ಸರ್ಕ್ಯೂಟ್ ಮೂರನೇ ಆರ್ಡರ್‌ನದು, ಮೇಲಿನ ಸೂತ್ರ ನಡೆಯುವುದಿಲ್ಲ, ಸಿಮ್ಯುಲೇಶನ್ನೇ ಗತಿ.

ಈಗ ಟೆಸ್ಟ್ ಶೀಟಿನಲ್ಲಿ ಎರಡು ಸಾಲು ಸೇರಿವೆ. ಪ್ರತಿ ಸಲ ಚುಚ್ಚುವ ಮುಂಚೆ ಇನ್‌ಪುಟ್‌ಗೆ 1 ಕಿಲೋಓಮ್ ಹಿಡಿದು, ಮೀಟರಿನಲ್ಲಿ ಸೊನ್ನೆ ನೋಡಬೇಕು. ಸ್ಕೋಪನ್ನು ಸಿಂಗಲ್ ಶಾಟ್‌ನಲ್ಲಿಟ್ಟು ಟ್ರಿಗರ್ 30 ವೋಲ್ಟಿಗೆ, ಪ್ರೋಬಿನ ಗ್ರೌಂಡ್ ಉದ್ದನೆ ಕ್ಲಿಪ್ಪಲ್ಲ, ಸ್ಪ್ರಿಂಗ್.