ಸಂದರ್ಶನ ಮುಗಿದ ಮೇಲೆ ಬರೆಯುವ ನಾಲ್ಕು ಸಾಲು

“ಮೇಡಂ, ಇಂಟರ್‌ವ್ಯೂ ಆದಮೇಲೆ ಥ್ಯಾಂಕ್ಸ್ ಮೇಲ್ ಕಳಿಸಬೇಕು ಅಂತಾರೆ. ಆದರೆ ನಾನು ಏನು ಬರೆದರೂ ಎಲ್ಲಿಂದಲೋ ಕಾಪಿ ಹೊಡೆದ ಹಾಗೆ ಕಾಣುತ್ತೆ. ಹೇಗೆ ಬರೆಯಲಿ?”

ಲೆಕ್ಕಪತ್ರ ವಿಭಾಗದ ಹುದ್ದೆಗಳಿಗೆ ಸಂದರ್ಶನ ನಡೆಸುವವರ ಸಾಲಿನಲ್ಲಿ ನಾನು ಹಲವು ವರ್ಷ ಕುಳಿತಿದ್ದೇನೆ. ನನಗೆ ಬಂದ ಬಹುಪಾಲು ಪತ್ರಗಳು ‘ತಮ್ಮ ಅಮೂಲ್ಯ ಸಮಯಕ್ಕೆ ಧನ್ಯವಾದಗಳು’ ಎಂದು ತೊಡಗಿ ‘ತಮ್ಮ ಪ್ರತಿಷ್ಠಿತ ಸಂಸ್ಥೆಯನ್ನು ಸೇರಲು ಉತ್ಸುಕನಾಗಿದ್ದೇನೆ’ ಎಂದು ಮುಗಿಯುತ್ತಿದ್ದವು. ಅವುಗಳಲ್ಲಿ ತಪ್ಪೇನೂ ಇರಲಿಲ್ಲ. ಅಂದು ಬಂದಿದ್ದ ಆರು ಮಂದಿಯಲ್ಲಿ ಬರೆದವರು ಯಾರೆಂದು ತಿಳಿಯಲು ಮಾತ್ರ ಕೊನೆಯ ಹೆಸರನ್ನೇ ನೋಡಬೇಕಾಗುತ್ತಿತ್ತು.

ನೆನಪಿನಲ್ಲಿ ಉಳಿದ ಒಂದು ಪತ್ರವಿದೆ. ಅದರಲ್ಲಿ ಬರುವ ಜಿಎಸ್‌ಟಿಆರ್-2ಬಿ ಎಂದರೆ ಸರಬರಾಜುದಾರರು ಸಲ್ಲಿಸಿದ ಬಿಲ್‌ಗಳಿಂದ ಜಿಎಸ್‌ಟಿ ಜಾಲತಾಣ ಖರೀದಿದಾರರಿಗೆ ತಯಾರಿಸಿಕೊಡುವ ಪಟ್ಟಿ; ಇನ್‌ಪುಟ್ ಕ್ರೆಡಿಟ್ ಎಂದರೆ ಖರೀದಿಯ ಮೇಲೆ ಕೊಟ್ಟ ತೆರಿಗೆಯನ್ನು ನಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವುದು. ಪತ್ರದ ಸಾರ ಹೀಗಿತ್ತು: “ಸರಬರಾಜುದಾರರ ಬಿಲ್ ನಮ್ಮ ಖರೀದಿ ಪುಸ್ತಕದಲ್ಲಿದ್ದು ಜಿಎಸ್‌ಟಿಆರ್-2ಬಿಯಲ್ಲಿ ಕಾಣದಿದ್ದರೆ ಏನು ಮಾಡುತ್ತೀರಿ ಎಂದು ಕೇಳಿದ್ದಿರಿ. ಅವರಿಗೆ ಫೋನ್ ಮಾಡುತ್ತೇನೆ ಎಂದಷ್ಟೇ ಹೇಳಿದೆ. ಅದು 2ಬಿಯಲ್ಲಿ ಬರುವವರೆಗೆ ಇನ್‌ಪುಟ್ ಕ್ರೆಡಿಟ್ ತೆಗೆದುಕೊಳ್ಳುವಂತಿಲ್ಲ ಎಂಬುದನ್ನೂ ಹೇಳಬೇಕಿತ್ತು. ಪ್ರತಿ ತಿಂಗಳು 14ರಂದು 2ಬಿ ಸಿದ್ಧವಾದ ಮೇಲೆ ಇಂಥ ಬಿಲ್‌ಗಳನ್ನು ಪಟ್ಟಿ ಮಾಡಿ, ಸರಿಹೋಗುವವರೆಗೆ ತೆರಿಗೆಯ ಭಾಗವನ್ನು ಪಾವತಿಸದೆ ಇಟ್ಟುಕೊಳ್ಳುವ ನಿಮ್ಮ ಕ್ರಮವನ್ನು ವಿವರಿಸಿದಿರಿ. ಅದು ನನಗೆ ಹೊಸದು, ಧನ್ಯವಾದಗಳು.”

ಇಲ್ಲಿ ಧನ್ಯವಾದವು ಸಮಯಕ್ಕಲ್ಲ, ನಾನು ಹೇಳಿಕೊಟ್ಟ ಒಂದು ಸಂಗತಿಗೆ ಸಂದಿದೆ. ಆ ಕೋಣೆಯಲ್ಲಿ ಕುಳಿತಿರದವರು ಅದನ್ನು ಬರೆಯಲಾರರು. ತಪ್ಪಿದ ಉತ್ತರವನ್ನು ಆತ ಒಂದೇ ವಾಕ್ಯದಲ್ಲಿ ತಿದ್ದಿಕೊಂಡು ಮುಂದೆ ಸಾಗಿದ್ದನ್ನೂ ಗಮನಿಸಿ. ಅದನ್ನೇ ಎರಡು ಪ್ಯಾರಾ ಬೆಳೆಸಿದ್ದರೆ ಕೃತಜ್ಞತೆ ಮರೆಯಾಗಿ ಸಮಜಾಯಿಷಿ ಉಳಿಯುತ್ತಿತ್ತು. (ಹುದ್ದೆ ಆತನಿಗೆ ಸಿಗಲಿಲ್ಲ, ಹೆಚ್ಚು ಅನುಭವವಿದ್ದವರೊಬ್ಬರಿಗೆ ಹೋಯಿತು. ಪತ್ರದಿಂದ ಆಯ್ಕೆ ಬದಲಾಗುತ್ತದೆ ಎಂದು ನಂಬಿ ಯಾರೂ ಬರೆಯಬಾರದು.)

ಇಂಥ ವಿವರ ಮನೆಗೆ ಬಂದು ಕುಳಿತಾಗ ಹೊಳೆಯುವುದಿಲ್ಲ. ಕಟ್ಟಡದಿಂದ ಹೊರಬಿದ್ದ ಕೂಡಲೇ, ಬಸ್ಸಿಗೆ ಕಾಯುವಾಗಲಾದರೂ, ಕೇಳಿದ ಪ್ರಶ್ನೆಗಳು, ಎಡವಿದ ಜಾಗ ಮತ್ತು ಅವರು ತಮ್ಮ ಕೆಲಸದ ಬಗ್ಗೆ ತಾವಾಗಿ ಹೇಳಿದ ಒಂದು ಮಾತನ್ನು ಫೋನಿನಲ್ಲಿ ಗುರುತು ಹಾಕಿಕೊಳ್ಳಿ. ಪತ್ರವನ್ನು ಇಂಗ್ಲಿಷಿನಲ್ಲಿ ಕಳುಹಿಸಬೇಕಾದರೂ ಆ ಮಾತನ್ನು ಮೊದಲು ಕನ್ನಡದಲ್ಲಿ, ಗೆಳೆಯನಿಗೆ ಹೇಳುವಂತೆ ಬರೆದು ನೋಡಿ. ‘ಉತ್ಸುಕ’, ‘ಪ್ರತಿಷ್ಠಿತ’ ಮುಂತಾದವು ತಾವಾಗಿ ಉದುರುತ್ತವೆ. ಅದೇ ದಿನ ಅಥವಾ ಮರುದಿನ ಕಳುಹಿಸಿದರೆ ಸಾಕು. ಸಂದರ್ಶಕರ ವಿಳಾಸ ಗೊತ್ತಿಲ್ಲದಿದ್ದರೆ ಎಚ್‌ಆರ್ ಅವರಿಗೆ ಕಳುಹಿಸಿ ತಲುಪಿಸಲು ಕೋರಬಹುದು. ಇಬ್ಬರು ಸಂದರ್ಶಿಸಿದ್ದರೆ ಇಬ್ಬರಿಗೂ ಒಂದೇ ಪತ್ರ ಬೇಡ. ನಮ್ಮಲ್ಲಿ ಅವನ್ನು ಒಬ್ಬರಿಗೊಬ್ಬರು ತೋರಿಸಿಕೊಳ್ಳುವುದುಂಟು.

ಇದೆಲ್ಲ ಖಾಸಗಿ ಕೆಲಸಗಳ ಮಾತು. ಲೋಕಸೇವಾ ಆಯೋಗದಂಥ ಸರ್ಕಾರಿ ನೇಮಕಾತಿಯ ಸಂದರ್ಶನವಾದರೆ ಮಂಡಳಿಯ ಸದಸ್ಯರಿಗೆ ಏನನ್ನೂ ಬರೆಯಬೇಡಿ. ಅಲ್ಲಿ ಶಿಫಾರಸು ಅಥವಾ ಪ್ರಭಾವ ಬೀರುವ ಯತ್ನ ಅನರ್ಹತೆಗೆ ಕಾರಣವಾಗುತ್ತದೆ, ಒಳ್ಳೆಯ ಮನಸ್ಸಿನಿಂದ ಬರೆದ ಸಾಲೂ ಹಾಗೆ ಕಾಣಬಹುದು.